ಹಂಪಿ–ಬಾದಾಮಿ ಪ್ರವಾಸ ಲೇಖನ ಸ್ಥಳಗಳ ಪಟ್ಟಿಯಾಗಿದೆ ಎಂದು ಹಿಂತಿರುಗಿ ಬಂದಿದೆ: ಹೇಗೆ ತಿದ್ದಲಿ?

ಬೆಣ್ಣೆನಗರಿ

ನಮ್ಮ ಬಡಾವಣೆಯ ಸಂಘದ ಸ್ಮರಣ ಸಂಚಿಕೆಗಾಗಿ ಹಂಪಿ, ಬಾದಾಮಿ, ಐಹೊಳೆ ಮತ್ತು ಪಟ್ಟದಕಲ್ಲಿನ ಪ್ರವಾಸವನ್ನು ಕುರಿತು ಸುಮಾರು 3000 ಪದಗಳ ಲೇಖನವೊಂದನ್ನು ಬರೆದು ಕೊಟ್ಟಿದ್ದೆ. ಅದನ್ನು 1200 ಪದಗಳಿಗೆ ಇಳಿಸಬೇಕೆಂದೂ, ಈಗಿರುವಂತೆ ಅದರಲ್ಲಿ ಸ್ಥಳಗಳ ಹೆಸರುಗಳಿವೆಯೇ ಹೊರತು ಪ್ರವಾಸ ಕಾಣುತ್ತಿಲ್ಲವೆಂದೂ ಹೇಳಿ ಸಂಪಾದಕರು ಹಿಂತಿರುಗಿಸಿದ್ದಾರೆ. ಅವರ ಮಾತು ನನಗೆ ಅರ್ಥವಾಗುತ್ತದೆ; ಆದರೆ ಎಲ್ಲಿಂದ ಕತ್ತರಿಸಲು ಆರಂಭಿಸಬೇಕೆಂಬುದು ತಿಳಿಯುತ್ತಿಲ್ಲ. ಹಂಪಿಯ ಭಾಗದಿಂದ ಒಂದು ತುಣುಕನ್ನು ಇಲ್ಲಿ ಹಾಕುತ್ತಿದ್ದೇನೆ:

"ಬೆಳಿಗ್ಗೆ ಹೊಸಪೇಟೆಯಲ್ಲಿ ಉಪಾಹಾರ ಮುಗಿಸಿ ಮೊದಲು ವಿರೂಪಾಕ್ಷನ ದರ್ಶನ ಪಡೆದೆವು. ನಂತರ ಹೇಮಕೂಟ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಉಗ್ರನರಸಿಂಹ, ನೀರಿನಲ್ಲಿರುವ ಬಡವಿಲಿಂಗಗಳನ್ನು ನೋಡಿದೆವು. ಅಲ್ಲಿಂದ ಹಜಾರರಾಮ ದೇವಸ್ಥಾನ, ಮಹಾನವಮಿ ದಿಬ್ಬ, ಮೆಟ್ಟಿಲುಗಳ ಪುಷ್ಕರಣಿ, ಕಮಲ ಮಹಲ್, ಆನೆಲಾಯಗಳಿಗೆ ಹೋದೆವು. ಸಂಜೆ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಂಡು ಮೈಮರೆತೆವು."

ಬಾದಾಮಿ ಮತ್ತು ಪಟ್ಟದಕಲ್ಲಿನ ಭಾಗಗಳೂ ಇದೇ ರೀತಿಯಲ್ಲಿವೆ. ಯಾವುದನ್ನು ಬಿಟ್ಟರೂ ಆ ಸ್ಥಳಕ್ಕೆ ಅನ್ಯಾಯವಾದೀತು ಎಂದೆನಿಸುತ್ತದೆ. ದಯವಿಟ್ಟು ದಾರಿ ತೋರಿಸಿ.

ರಸ್ತೆರಾಯ

ನೀವು ಒಂದೇ ದಿನದಲ್ಲಿ ಹಂಪಿಯನ್ನೆಲ್ಲ ಮುಗಿಸಲು ಹೊರಟದ್ದೇ ತೊಂದರೆಗೆ ಕಾರಣವಾಗಿದೆ. ಮೊದಲ ದಿನ ವಿರೂಪಾಕ್ಷ ಮತ್ತು ಹೇಮಕೂಟ, ಎರಡನೆಯ ದಿನ ಅರಮನೆಯ ಆವರಣ, ಮೂರನೆಯ ದಿನ ವಿಠ್ಠಲ ದೇವಾಲಯ ಹಾಗೂ ಹೊಳೆ ದಾಟಿ ಆನೆಗೊಂದಿ ಎಂದು ಹಂಚಿಕೊಂಡಿದ್ದರೆ ಎಲ್ಲವನ್ನೂ ನಿಧಾನವಾಗಿ ನೋಡಬಹುದಿತ್ತು. ಬಾದಾಮಿಯಲ್ಲಿ ತಂಗಿದರೆ ಐಹೊಳೆ ಮತ್ತು ಪಟ್ಟದಕಲ್ಲುಗಳನ್ನು ಒಂದೇ ದಿನ ನೋಡಿ ಬರಬಹುದು.

ಬೆಣ್ಣೆನಗರಿ

ರಾಯರೇ, ಧನ್ಯವಾದಗಳು, ಆದರೆ ಪ್ರವಾಸ ಮುಗಿದಿದೆ, ಈಗ ತಿದ್ದಬೇಕಾಗಿರುವುದು ಲೇಖನವನ್ನು.

ಚಾರಣಿಗ

ಇದಕ್ಕೆ ಸುಲಭವಾದ ಉಪಾಯವಿದೆ. ಪ್ರತಿಯೊಂದು ಸ್ಥಳಕ್ಕೂ ಐದು ಇಂದ್ರಿಯಗಳ ವಿವರವನ್ನು ಸೇರಿಸಿ: ಏನು ಕಂಡಿತು, ಏನು ಕೇಳಿಸಿತು, ಯಾವ ವಾಸನೆ ಬಂದಿತು, ಮುಟ್ಟಿದಾಗ ಹೇಗಿತ್ತು, ಏನು ತಿಂದಿರಿ. ಹಾಗೆ ಮಾಡಿದರೆ ಪಟ್ಟಿ ತಾನಾಗಿಯೇ ಜೀವ ಪಡೆಯುತ್ತದೆ. ಇಸವಿಗಳನ್ನೂ ರಾಜರ ಹೆಸರುಗಳನ್ನೂ ಸಂಪೂರ್ಣವಾಗಿ ತೆಗೆದುಹಾಕಿ. ಅವು ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತವೆ.

ಕೆಂಪುಶಾಯಿ

ಪತ್ರಿಕೆಯೊಂದರ ಪುರವಣಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಇಂಥ ಲೇಖನಗಳನ್ನು ತಿದ್ದುವುದು ನನ್ನ ನಿತ್ಯದ ಕೆಲಸವಾಗಿತ್ತು.

ಚಾರಣಿಗರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಇಂದ್ರಿಯಗಳ ವಿವರ ಬೇಕು, ನಿಜ. ಆದರೆ ಹನ್ನೆರಡು ಸ್ಥಳಗಳಿಗೆ ಐದೈದು ವಿವರಗಳನ್ನು ಸೇರಿಸಿದರೆ ಹನ್ನೆರಡು ಹೆಸರುಗಳ ಪಟ್ಟಿಯ ಜಾಗದಲ್ಲಿ ಅರವತ್ತು ವಿವರಗಳ ಪಟ್ಟಿ ಬರುತ್ತದೆ, ಲೇಖನವೂ 3000 ಪದಗಳಿಂದ 5000ಕ್ಕೆ ಹಿಗ್ಗುತ್ತದೆ. ಆದ್ದರಿಂದ ಮೊದಲು ಎಳೆಯನ್ನು ಹುಡುಕಬೇಕು, ವಿವರವನ್ನು ಆಮೇಲೆ ಆರಿಸಬೇಕು. ಎಳೆಯಿಲ್ಲದಿದ್ದರೆ ಯಾವ ವಿವರವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಆಧಾರವೇ ಇರುವುದಿಲ್ಲ.

ಎಳೆಯನ್ನು ಹೊರಗಿನಿಂದ ತಂದು ಹೊಲಿಯಬೇಕಾಗಿಲ್ಲ. ಸಾಮಾನ್ಯವಾಗಿ ಅದು ಕರಡಿನಲ್ಲಿಯೇ ಇರುತ್ತದೆ. ಪೆನ್ಸಿಲ್ ಹಿಡಿದು ನಿಮ್ಮ ಕರಡನ್ನು ಆರಂಭದಿಂದ ಓದಿರಿ. ಮಾಹಿತಿ ಫಲಕವನ್ನು ನೋಡಿ ಯಾರು ಬೇಕಾದರೂ ಬರೆಯಬಹುದಾದ ವಾಕ್ಯಗಳನ್ನು ಹಾಗೆಯೇ ಬಿಟ್ಟು, ಅಲ್ಲಿ ನಿಂತು ಅನುಭವಿಸಿದ ನೀವು ಮಾತ್ರ ಬರೆಯಬಹುದಾದ ವಾಕ್ಯಗಳ ಕೆಳಗೆ ಗೆರೆ ಎಳೆಯಿರಿ. ಆ ಗೆರೆ ಎಳೆದ ವಾಕ್ಯಗಳನ್ನು ಮಾತ್ರ ಬೇರೊಂದು ಹಾಳೆಗೆ ಇಳಿಸಿಕೊಳ್ಳಿ. ಅವು ಹತ್ತೇ ಇರಬಹುದು. ಅವುಗಳಲ್ಲಿ ಯಾವ ವಸ್ತು ಮತ್ತೆ ಮತ್ತೆ ಬರುತ್ತದೆ ಎಂಬುದನ್ನು ಗಮನಿಸಿ.

ನೀವು ಹಾಕಿರುವ ತುಣುಕಿನಲ್ಲಿಯೇ ಒಂದು ಸುಳಿವು ನನಗೆ ಕಂಡಿತು. ಉಳಿದ ಯಾವ ಹೆಸರಿಗೂ ಇಲ್ಲದ ವಿಶೇಷಣವೊಂದು ಬಡವಿಲಿಂಗಕ್ಕೆ ಮಾತ್ರ ಇದೆ: "ನೀರಿನಲ್ಲಿರುವ". ಬಾದಾಮಿಯ ಮತ್ತು ಪಟ್ಟದಕಲ್ಲಿನ ಭಾಗಗಳಲ್ಲಿ ಗೆರೆ ಎಳೆಯಬಹುದಾದ ವಾಕ್ಯಗಳು ಯಾವುವೆಂದು ಇಲ್ಲಿ ಬರೆಯುವಿರಾ?

ಓದುಗ

"ಮೈಮರೆತೆವು", "ಅದ್ಭುತವಾಗಿತ್ತು", "ವರ್ಣಿಸಲು ಪದಗಳಿಲ್ಲ" ಎಂಬ ಮೂರನ್ನು ಮೊದಲು ಅಳಿಸಿದರೆ ಅರ್ಧ ಕೆಲಸ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಣ್ಣೆನಗರಿ

ಕೆಂಪುಶಾಯಿ ಸರ್, ನೀವು ಹೇಳಿದಂತೆ ಗೆರೆ ಎಳೆದೆ. ಉಳಿದ ವಾಕ್ಯಗಳು ನಿಜವಾಗಿಯೂ ಕಡಿಮೆ. ಮುಖ್ಯವಾದವು ಇವು:

"ಬಡವಿಲಿಂಗದ ಗುಡಿಯಲ್ಲಿ ನೆಲವೇ ಕಾಣಲಿಲ್ಲ, ನೀರಿನ ತಳದಲ್ಲಿ ಯಾರೋ ಎಸೆದ ನಾಣ್ಯಗಳಿದ್ದವು." "ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ದೋಣಿಯಲ್ಲಿ ಕೈಯಿಟ್ಟಾಗ ಬಿಸಿಲಿಗೆ ಚುರ್ರೆಂದಿತು." "ಬಾದಾಮಿಯ ಅಗಸ್ತ್ಯತೀರ್ಥದಲ್ಲಿ ಹೆಂಗಸರು ಬಟ್ಟೆ ಒಗೆಯುವ ಸದ್ದು ಎದುರಿನ ಬಂಡೆಗೆ ಬಡಿದು ಎರಡೆರಡು ಬಾರಿ ಕೇಳಿಸುತ್ತಿತ್ತು." "ಪಟ್ಟದಕಲ್ಲಿನಲ್ಲಿ ದೇವಸ್ಥಾನದ ಹಿಂದೆ ಮಲಪ್ರಭೆಯನ್ನು ನೋಡಲು ಹೋದಾಗ ಹೊಳೆಯ ಪಾತ್ರದಲ್ಲಿ ಅಲ್ಲಲ್ಲಿ ಮಾತ್ರ ನೀರು ನಿಂತಿತ್ತು, ದನಗಳು ನಡೆದು ದಾಟುತ್ತಿದ್ದವು."

ಬನಶಂಕರಿ ಗುಡಿಯ ಎದುರು ಜೋಳದ ರೊಟ್ಟಿ ಮತ್ತು ಕುಡಿಕೆಯ ಮೊಸರು ತಿಂದದ್ದನ್ನೂ ಬರೆದಿದ್ದೇನೆ. ಇವೆಲ್ಲದರಲ್ಲಿಯೂ ನೀರೇ ಇದೆ ಎಂಬುದನ್ನು ಬರೆಯುವಾಗ ನಾನು ಗಮನಿಸಿರಲಿಲ್ಲ.

ಕೆಂಪುಶಾಯಿ

ಎಳೆ ಸಿಕ್ಕಿತು. ಆದರೆ "ನೀರು" ಎಂಬುದು ಇನ್ನೂ ವಿಷಯದ ಹೆಸರು ಮಾತ್ರ. ಎಳೆಯಾಗಬೇಕಾದರೆ ಅದು ಪ್ರಶ್ನೆಯ ರೂಪ ಪಡೆಯಬೇಕು. "ಹಂಪಿಯಿಂದ ಪಟ್ಟದಕಲ್ಲಿನವರೆಗೆ ನೀರು" ಎಂದು ಬರೆಯಲು ಹೊರಟರೆ, ದೇವಸ್ಥಾನಗಳ ಪಟ್ಟಿ ಹೋಗಿ ಕೆರೆ ಬಾವಿಗಳ ಪಟ್ಟಿ ಬರುತ್ತದೆ. ನೀವು ಬರೆದಿರುವ ನಾಲ್ಕು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬಡವಿಲಿಂಗದಲ್ಲಿ ನೀರು ಇಂದಿಗೂ ಇದೆ. ಪುಷ್ಕರಣಿಯ ಬಳಿ ನೀರು ಹರಿಯುತ್ತಿದ್ದ ದಾರಿಯಿದೆ, ಅದರಲ್ಲಿ ನೀರಿಲ್ಲ. ಅಗಸ್ತ್ಯತೀರ್ಥದಲ್ಲಿ ನೀರೂ ಇದೆ, ಅದನ್ನು ಬಳಸುವ ಜನರೂ ಇದ್ದಾರೆ. ಪಟ್ಟದಕಲ್ಲಿನಲ್ಲಿ ಹೊಳೆಯಿದ್ದೂ ನೀವು ಹೋದಾಗ ನೀರು ಕಡಿಮೆಯಿತ್ತು. ಹಾಗಾದರೆ ನಿಮ್ಮ ಪ್ರಶ್ನೆ: "ಈ ಹಳೆಯ ರಾಜಧಾನಿಗಳಲ್ಲಿ ನೀರು ಎಲ್ಲಿ ಉಳಿದಿದೆ, ಎಲ್ಲಿ ನೀರಿನ ದಾರಿ ಮಾತ್ರ ಉಳಿದಿದೆ?" ಪ್ರತಿಯೊಂದು ಭಾಗವೂ ಈ ಪ್ರಶ್ನೆಗೆ ಹಿಂದಿನ ಭಾಗಕ್ಕಿಂತ ಬೇರೆಯಾದ ಉತ್ತರವನ್ನು ಕೊಡಬೇಕು. ಒಂದೇ ಉತ್ತರವನ್ನು ಎರಡು ಭಾಗಗಳು ಕೊಡುತ್ತಿದ್ದರೆ ಅವುಗಳಲ್ಲಿ ಒಂದು ಹೋಗಬೇಕು.

ಇಸವಿಗಳ ವಿಷಯದಲ್ಲಿ ಚಾರಣಿಗರ ಮಾತನ್ನು ನಾನು ಒಪ್ಪುವುದಿಲ್ಲ. ಎಳೆಗೆ ಸಂಬಂಧಿಸಿದ ಇತಿಹಾಸವು ಉಳಿಯಬೇಕು, ಸಂಬಂಧಿಸದ್ದು ಹೋಗಬೇಕು. ಉಗ್ರನರಸಿಂಹನ ವಿಗ್ರಹವು 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಸ್ಥಾಪನೆಯಾಯಿತು ಎಂಬುದು ಒಳ್ಳೆಯ ಮಾಹಿತಿಯಾದರೂ ನಿಮ್ಮ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಆದರೆ ಮೆಟ್ಟಿಲುಗಳ ಆ ಪುಷ್ಕರಣಿ ಮಣ್ಣಿನಡಿಯಲ್ಲಿ ಹೂತುಹೋಗಿದ್ದು 1980ರ ದಶಕದ ಉತ್ಖನನದಲ್ಲಿ ಹೊರಬಂದಿತು ಎಂಬುದು ಉತ್ತರದ ಒಂದು ಭಾಗವೇ ಆಗಿದೆ: ನೀರಿನ ದಾರಿಯೂ ಮರೆತುಹೋಗಿತ್ತು ಎಂಬುದನ್ನು ಅದು ಹೇಳುತ್ತದೆ. ವಿಜಯನಗರದ ಕಾಲದಲ್ಲಿ ತೋಡಿದ ಕಾಲುವೆಗಳಲ್ಲಿ ಕೆಲವು ಇಂದಿಗೂ ಹಂಪಿಯ ಸುತ್ತಲಿನ ಗದ್ದೆಗಳಿಗೂ ಬಾಳೆತೋಟಗಳಿಗೂ ನೀರುಣಿಸುತ್ತಿವೆ ಎಂಬುದೂ ಹಾಗೆಯೇ.

ನಕ್ಷೆ

ನನ್ನದು ಬೇರೆ ಅಭಿಪ್ರಾಯ. ಸ್ಮರಣ ಸಂಚಿಕೆಯ ಓದುಗರಲ್ಲಿ ಅನೇಕರು ಮುಂದಿನ ರಜೆಯಲ್ಲಿ ಅಲ್ಲಿಗೆ ಹೋಗಲು ಯೋಚಿಸುತ್ತಿರುತ್ತಾರೆ. ಅವರಿಗೆ ಸ್ಥಳಗಳ ಹೆಸರುಗಳೇ ಬೇಕು. ವಿರೂಪಾಕ್ಷ ದೇವಾಲಯವಿಲ್ಲದ ಹಂಪಿಯ ಲೇಖನವನ್ನು ಓದಿದವರು, ಬರೆದವರು ಹಂಪಿಗೆ ಹೋಗಿದ್ದಾರೆಯೇ ಎಂದು ಸಂಶಯಪಡುತ್ತಾರೆ. ಪಟ್ಟಿ ಎಂದರೆ ಕೀಳು ಎಂದು ತೀರ್ಮಾನಿಸುವುದು ಸರಿಯಲ್ಲ. ಅದೂ ಓದುಗರಿಗೆ ಸಲ್ಲಿಸುವ ಸೇವೆಯೇ.

ಬಾದಾಮಿಯವ

ನಕ್ಷೆಯವರ ಮಾತಿನಲ್ಲಿ ತಥ್ಯವಿದೆ, ಆದರೆ ಅಂಥ ಪಟ್ಟಿಯನ್ನು ಲೇಖನದ ಕೊನೆಯಲ್ಲಿ ಚೌಕಟ್ಟಿನಲ್ಲಿ ಕೊಡಬಹುದಲ್ಲವೇ?

ನಾನು ಬರೆಯಲು ಬಂದದ್ದು ಬೇರೆ ಕಾರಣಕ್ಕೆ. ಅಗಸ್ತ್ಯತೀರ್ಥದ ವಾಕ್ಯವನ್ನು ಓದಿ ಬಹಳ ಸಂತೋಷವಾಯಿತು. ನಾವು ಹುಟ್ಟಿದಾಗಿನಿಂದ ಕೇಳುತ್ತಿರುವ ಸದ್ದು ಅದು, ಆದರೆ ನಮ್ಮೂರಿಗೆ ಬಂದು ಬರೆದವರಲ್ಲಿ ಹೆಚ್ಚಿನವರು ಗುಹೆಗಳ ನಟರಾಜನನ್ನು ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ. ಒಂದು ತಿದ್ದುಪಡಿಯನ್ನು ಸೂಚಿಸುತ್ತೇನೆ. "ಎದುರಿನ ಬಂಡೆ" ಎಂದರೆ ಸಾಲದು. ತೀರ್ಥದ ಎರಡೂ ಬದಿಗೆ ಕೆಂಪು ಮರಳುಗಲ್ಲಿನ ಗುಡ್ಡಗಳಿವೆ. ಒಂದು ಬದಿಯಲ್ಲಿ ಗುಹೆಗಳು, ಇನ್ನೊಂದು ಬದಿಯಲ್ಲಿ ಕೋಟೆ ಮತ್ತು ಶಿವಾಲಯಗಳು, ಮೇಲಿನ ತುದಿಯಲ್ಲಿ ಭೂತನಾಥನ ಗುಡಿ. ನೀವು ಗುಹೆಗಳ ಮೆಟ್ಟಿಲ ಮೇಲೆ ನಿಂತು ಕೇಳಿದಿರೋ, ನೀರಿನ ಪಕ್ಕದಲ್ಲಿ ನಿಂತು ಕೇಳಿದಿರೋ ಎಂಬುದನ್ನು ಹೇಳಿದರೆ ಓದುಗರಿಗೆ ಸದ್ದು ಬರುವ ದಿಕ್ಕು ಸಿಗುತ್ತದೆ.

ಇನ್ನು ಐಹೊಳೆ. ಅದನ್ನು ನೀವು ಬಿಡುತ್ತೀರೆಂದು ಕಾಣುತ್ತದೆ. ಪರಶುರಾಮನು ತನ್ನ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದದ್ದು ಐಹೊಳೆಯಲ್ಲಿ ಎಂಬ ಐತಿಹ್ಯವಿದೆ. ನೀರಿನ ಎಳೆಯಲ್ಲಿ ಐಹೊಳೆಗೆ ಜಾಗವಿಲ್ಲ ಎಂದರೆ ನಾನು ಒಪ್ಪಲಾರೆ.

ಕಾವೇರಿತೀರ

ನನ್ನ ಅನುಭವವನ್ನೂ ಹೇಳುತ್ತೇನೆ, ಇಲ್ಲಿಗೆ ಹೊಂದಿದರೆ ತೆಗೆದುಕೊಳ್ಳಿ. ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ಒಂದು ಬರಹ ಬರೆದೆ. ದಶಾಶ್ವಮೇಧ ಘಾಟ್, ಮಣಿಕರ್ಣಿಕಾ, ಹರಿಶ್ಚಂದ್ರ, ಕೇದಾರ ಎಂದು ಘಾಟ್‌ಗಳ ಹೆಸರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬರೆಯುತ್ತಾ ಹೋದಂತೆ ನನಗೆ ಹೊಳೆದದ್ದೇನೆಂದರೆ, ಅಮ್ಮನಿಗೆ ಮಂಡಿನೋವು ಇದ್ದುದರಿಂದ ನಮ್ಮ ಕಾಶಿಯು ಪೂರ್ತಿಯಾಗಿ ಮೆಟ್ಟಿಲುಗಳ ಕಾಶಿಯಾಗಿತ್ತು. ಎಲ್ಲಿ ಮೆಟ್ಟಿಲು ಕಡಿದಾಗಿದೆ, ಎಲ್ಲಿ ಕೆಸರಿನಿಂದ ಜಾರುತ್ತದೆ, ಎಲ್ಲಿ ಅಪರಿಚಿತರು ಕೈ ಹಿಡಿದು ಇಳಿಸಿದರು, ಕೊನೆಗೆ ಎಲ್ಲಿ ಅವರು ಕುಳಿತು "ಇಲ್ಲಿಂದಲೇ ಗಂಗೆಗೆ ಕೈಮುಗಿಯುತ್ತೇನೆ, ನೀನು ಹೋಗಿ ಬಾ" ಎಂದರು ಎಂಬುದನ್ನಷ್ಟೇ ಉಳಿಸಿದೆ. ಕಾಶಿ ವಿಶ್ವನಾಥನ ದರ್ಶನವೂ ಒಂದು ಸಾಲಿಗೆ ಇಳಿಯಿತು. ಮನೆಯಲ್ಲಿ ಅದಕ್ಕೆ ಆಕ್ಷೇಪಣೆ ಬಂತು, ಆದರೆ ಬರಹ ನಿಂತಿತು.

ಚಾರಣಿಗ

ಕಾವೇರಿತೀರ ಅವರ ಉದಾಹರಣೆಯಿಂದ ನನಗೆ ಸ್ಪಷ್ಟವಾಯಿತು. ಆದರೂ ಒಂದು ಪ್ರಶ್ನೆಯಿದೆ. ಪ್ರವಾಸ ಮುಗಿದು ತಿಂಗಳುಗಳಾದ ಮೇಲೆ ಸದ್ದು, ವಾಸನೆ, ಸ್ಪರ್ಶಗಳು ನೆನಪಿರುವುದಿಲ್ಲ. ಆಗ "ಹೀಗಿದ್ದಿರಬಹುದು" ಎಂದು ಊಹಿಸಿ ಸೇರಿಸಿದರೆ ತಪ್ಪೇನು? ತೋಟದಲ್ಲಿ ಹಕ್ಕಿ ಕೂಗುವುದು, ದೇವಸ್ಥಾನದಲ್ಲಿ ಊದುಬತ್ತಿಯ ಪರಿಮಳ ಬರುವುದು ಸಹಜವಲ್ಲವೇ?

ಕೆಂಪುಶಾಯಿ

ತಪ್ಪು ಎನ್ನುವುದಕ್ಕಿಂತ, ಅದು ಓದುಗರಿಗೆ ಗೊತ್ತಾಗಿಬಿಡುತ್ತದೆ. ಊಹಿಸಿದ ವಿವರವು ಯಾವಾಗಲೂ ಎಲ್ಲ ಕಡೆಗೂ ಸಲ್ಲುವ ವಿವರವಾಗಿರುತ್ತದೆ. ಊದುಬತ್ತಿಯ ಪರಿಮಳವನ್ನು ಹಂಪಿಯಿಂದ ತೆಗೆದು ಉಡುಪಿಗೆ ಹಾಕಿದರೂ ವಾಕ್ಯ ಬದಲಾಗುವುದಿಲ್ಲ. ಕಲ್ಲಿನ ದೋಣಿಯು ಬಿಸಿಲಿಗೆ ಚುರ್ರೆಂದಿತು ಎಂಬುದನ್ನು ಹಾಗೆ ಬೇರೆಡೆಗೆ ಸಾಗಿಸಲಾಗದು, ಏಕೆಂದರೆ ನೀರಿರಬೇಕಾದ ಜಾಗದಲ್ಲಿ ಸುಡುವ ಕಲ್ಲು ಇದೆ ಎಂಬುದು ಅಲ್ಲಿನ ವಿಷಯವೇ ಆಗಿದೆ. ಒಂದು ವಿವರವನ್ನು ಇನ್ನೊಂದು ಊರಿಗೆ ಹಾಕಿ ನೋಡಿ; ಹೊಂದಿಕೊಂಡರೆ ಅದನ್ನು ತೆಗೆಯಿರಿ.

ನೆನಪನ್ನು ಮರಳಿ ಪಡೆಯಲು ಪ್ರಾಮಾಣಿಕ ದಾರಿಗಳಿವೆ. ಚಿತ್ರಗಳಿಗಿಂತ ಮೊಬೈಲಿನ ವಿಡಿಯೊಗಳು ಹೆಚ್ಚು ಉಪಯುಕ್ತ. ಅವುಗಳನ್ನು ಪರದೆ ನೋಡದೆ ಕೇಳಿರಿ. ನೀವು ಗಮನಿಸದೇ ಇದ್ದ ಸದ್ದುಗಳು ಅದರಲ್ಲಿರುತ್ತವೆ. ಚಿತ್ರ ತೆಗೆದ ಸಮಯವನ್ನು ನೋಡಿದರೆ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು ಎಂಬುದು ತಿಳಿಯುತ್ತದೆ. ಜೊತೆಯಲ್ಲಿ ಬಂದವರನ್ನು ಕೇಳಿರಿ, ಆದರೆ "ಅಲ್ಲಿ ತಂಪಾಗಿತ್ತಲ್ಲವೇ" ಎಂದು ಕೇಳದೆ "ಅಲ್ಲಿ ಏನು ನೆನಪಿದೆ" ಎಂದು ಕೇಳಿರಿ. ಇಷ್ಟಾದರೂ ನೆನಪಾಗದಿದ್ದರೆ ಆ ಸ್ಥಳಕ್ಕೆ ವಿವರವೇ ಬೇಡ, ಒಂದು ವಾಕ್ಯದಲ್ಲಿ ದಾಟಿಬಿಡಿ.

ಬಾದಾಮಿಯವರಿಗೆ: ಐತಿಹ್ಯ ಚೆನ್ನಾಗಿದೆ, ಅದಕ್ಕೆ ಒಂದು ವಾಕ್ಯ ಸಲ್ಲುತ್ತದೆ. ಆದರೆ ಲೇಖಕರು ಐಹೊಳೆಯಲ್ಲಿ ಹೊಳೆಯ ದಡಕ್ಕೆ ಹೋದಂತೆ ಕಾಣುವುದಿಲ್ಲ. ಕಾಣದ ಹೊಳೆಯ ಮೇಲೆ ಒಂದು ಇಡೀ ಪ್ಯಾರಾ ಕಟ್ಟಿದರೆ ಅದು ಓದಿ ತಿಳಿದ ಮಾಹಿತಿಯಾಗುತ್ತದೆ.

ಬಾದಾಮಿಯವ

ಒಂದು ವಾಕ್ಯವಾದರೂ ಇರಲಿ. ಪಟ್ಟದಕಲ್ಲಿನ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಬೇಕು. ಹೊಳೆ ಬತ್ತಿತ್ತು ಎಂದು ಬರೆದು ಅಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟಿದೆ, ಕೆಳಗಿನ ಪಾತ್ರದಲ್ಲಿ ಎಷ್ಟು ನೀರು ಇರುತ್ತದೆ ಎಂಬುದು ಮಳೆಯನ್ನಷ್ಟೇ ಅಲ್ಲ, ಅಲ್ಲಿಂದ ಬಿಡುವ ನೀರನ್ನೂ ಅವಲಂಬಿಸಿರುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಇದೇ ಹೊಳೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣದೊಳಗೆ ನೀರು ನುಗ್ಗಿತ್ತು. ದನಗಳು ನಡೆದು ದಾಟಿದ ಹೊಳೆಯೇ ಅದು.

ಕೆಂಪುಶಾಯಿ

ಇದು ಬಹಳ ಮುಖ್ಯವಾದ ಮಾತು. ಹಂಪಿಯಲ್ಲಿ ನೀರನ್ನು ಕಲ್ಲಿನ ದಾರಿಯಲ್ಲಿ ನಡೆಸಿದ್ದರು, ಇಲ್ಲಿ ನೀರನ್ನು ಮೇಲೆಯೇ ತಡೆಯಲಾಗಿದೆ, ತಡೆಗೆ ಮೀರಿದಾಗ ಅದು ಗುಡಿಯೊಳಗೇ ಬರುತ್ತದೆ. ಪ್ರಶ್ನೆಗೆ ನಾಲ್ಕನೆಯ ಉತ್ತರ ಸಿಕ್ಕಿತು. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಲೇಖನದಲ್ಲಿ ಹೆಸರಿಸಲು ಇದೇ ಸರಿಯಾದ ಜಾಗ. ನೀರು ಬಂದ ಆವರಣ ಯಾವುದು ಎಂದು ಹೇಳುವಾಗ ಹೆಸರು ತಾನಾಗಿ ಬರುತ್ತದೆ.

ಬೆಣ್ಣೆನಗರಿ

ಎಲ್ಲರಿಗೂ ಕೃತಜ್ಞತೆಗಳು. ಹಂಪಿಯ ತುಣುಕನ್ನು ಹೀಗೆ ತಿದ್ದಿದ್ದೇನೆ. ಹೊಸಪೇಟೆಯ ಉಪಾಹಾರದಿಂದ ಆರಂಭಿಸದೆ ನೇರವಾಗಿ ಬಡವಿಲಿಂಗದಿಂದಲೇ ಲೇಖನ ಆರಂಭವಾಗುತ್ತದೆ:

"ಉಗ್ರನರಸಿಂಹನ ಎದುರು ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ ನಾವು, ಪಕ್ಕದ ಬಡವಿಲಿಂಗದ ಗುಡಿಯೊಳಗೆ ಇಣುಕಿದಾಗ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ, ಅಲ್ಲಿ ನೆಲವಿಲ್ಲ, ನೀರಿದೆ ಎಂಬುದು ತಿಳಿಯಿತು. ಆಳೆತ್ತರವನ್ನು ಮೀರಿದ ಲಿಂಗದ ಬುಡ ಆ ನೀರಿನಲ್ಲಿತ್ತು, ತಳದಲ್ಲಿ ನಾಣ್ಯಗಳಿದ್ದವು. ಕಾಲುವೆಯ ನೀರು ಒಳಗೆ ಬರುತ್ತದೆ ಎಂದು ಅಲ್ಲಿದ್ದ ಹಿರಿಯರೊಬ್ಬರು ಹೇಳಿದರು. ರಾಜಧಾನಿ ಹಾಳಾಗಿ ನಾನೂರು ವರ್ಷಗಳು ಕಳೆದ ಮೇಲೂ ಆ ನೀರು ಬರುವುದನ್ನು ನಿಲ್ಲಿಸಿರಲಿಲ್ಲ. ಮಧ್ಯಾಹ್ನ ಅರಮನೆಯ ಆವರಣದಲ್ಲಿ ಅದಕ್ಕೆ ವಿರುದ್ಧವಾದದ್ದು ಕಂಡಿತು. ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಕಲ್ಲಿನ ದೋಣಿಗಳ ಸಾಲು ಪುಷ್ಕರಣಿಯ ಕಡೆಗೆ ಹೋಗುತ್ತಿತ್ತು. ಒಳಗೆ ಕೈಯಿಟ್ಟೆ, ಕಲ್ಲು ಚುರ್ರೆಂದಿತು."

ಓದುಗ

ಮೊದಲಿನದಕ್ಕಿಂತ ನೂರು ಪಾಲು ಚೆನ್ನಾಗಿದೆ. "ನಂತರ", "ಅಲ್ಲಿಂದ" ಎರಡೂ ಹೋಗಿವೆ.

ಕೆಂಪುಶಾಯಿ

ಹೌದು, ಆ ಎರಡು ಪದಗಳ ಕೆಲಸವನ್ನು ಈಗ "ಅದಕ್ಕೆ ವಿರುದ್ಧವಾದದ್ದು" ಎಂಬುದು ಮಾಡುತ್ತಿದೆ. ಒಂದು ಸ್ಥಳದಿಂದ ಇನ್ನೊಂದಕ್ಕೆ ಗಡಿಯಾರ ಕರೆದೊಯ್ಯುತ್ತಿಲ್ಲ, ಪ್ರಶ್ನೆ ಕರೆದೊಯ್ಯುತ್ತಿದೆ. ಎರಡು ಸಣ್ಣ ತಿದ್ದುಪಡಿಗಳಿವೆ. "ನಾನೂರು ವರ್ಷಗಳು" ಎಂಬುದನ್ನು ಸರಿಪಡಿಸಿ. ತಾಳಿಕೋಟೆಯ ಯುದ್ಧ ನಡೆದದ್ದು 1565ರಲ್ಲಿ, ಆದ್ದರಿಂದ ನಾನೂರೈವತ್ತು ಎನ್ನಬೇಕು. ನೀರು "ನಿಲ್ಲಿಸಿರಲಿಲ್ಲ" ಎಂಬಲ್ಲಿಯೂ ಜಾಗ್ರತೆ ಬೇಕು. ನಡುವೆ ಎಷ್ಟೋ ಸಲ ಕಾಲುವೆ ಹೂಳು ತುಂಬಿ ಮತ್ತೆ ದುರಸ್ತಿಯಾಗಿರಬಹುದು. "ಆ ನೀರು ಇಂದಿಗೂ ಬರುತ್ತಿದೆ" ಎಂದರೆ ನೀವು ಕಂಡದ್ದಷ್ಟನ್ನೇ ಹೇಳಿದಂತಾಗುತ್ತದೆ.

ನಕ್ಷೆ

ಬರವಣಿಗೆ ಚೆನ್ನಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ವಿಠ್ಠಲ ದೇವಾಲಯವೂ ಕಲ್ಲಿನ ರಥವೂ ಹಂಪಿಯ ವಿರೂಪಾಕ್ಷನೂ ಇಲ್ಲದ ಲೇಖನದ ಬಗ್ಗೆ ನನ್ನ ಆಕ್ಷೇಪಣೆ ಹಾಗೆಯೇ ಇದೆ.

ಕಾವೇರಿತೀರ

ಬನಶಂಕರಿಯ ರೊಟ್ಟಿ ಮೊಸರಿನ ಗತಿಯೇನು? ಅದನ್ನು ಓದಲು ನಾನು ಕಾಯುತ್ತಿದ್ದೆ.

ಬೆಣ್ಣೆನಗರಿ

ಬನಶಂಕರಿಯ ಗುಡಿಯ ಎದುರಿಗೇ ಹರಿದ್ರಾತೀರ್ಥ ಎಂಬ ದೊಡ್ಡ ಹೊಂಡವಿದೆ, ಆದ್ದರಿಂದ ಅದನ್ನು ಉಳಿಸಿಕೊಳ್ಳಬಹುದೆಂದುಕೊಂಡಿದ್ದೆ. ಆದರೆ ಸರ್ ಹೇಳಿದ ಪ್ರಶ್ನೆಯನ್ನು ಕೇಳಿಕೊಂಡಾಗ, ಅದು ಅಗಸ್ತ್ಯತೀರ್ಥದ ಉತ್ತರವನ್ನೇ ಮತ್ತೆ ಹೇಳುತ್ತದೆ ಎಂದು ಕಂಡಿತು. ರೊಟ್ಟಿಯ ರುಚಿ ಚೆನ್ನಾಗಿ ನೆನಪಿದ್ದರೂ ಅದನ್ನು ಬೇರೊಂದು ಬರಹಕ್ಕೆ ಎತ್ತಿಟ್ಟಿದ್ದೇನೆ.

ವಿಠ್ಠಲ ಮತ್ತು ವಿರೂಪಾಕ್ಷರ ವಿಷಯದಲ್ಲಿ ನನಗೂ ಇನ್ನೂ ನಿರ್ಧಾರವಾಗಿಲ್ಲ. ಚೌಕಟ್ಟಿಗೆ 100 ಪದಗಳ ಜಾಗ ಸಿಗುವುದೇ ಎಂದು ಸಂಪಾದಕರನ್ನು ಕೇಳಿದ್ದೇನೆ. ಸಿಕ್ಕರೆ ಹೆಸರುಗಳೆಲ್ಲ ಅಲ್ಲಿಗೆ ಹೋಗುತ್ತವೆ.

ಕೆಂಪುಶಾಯಿ

ಜಾಗ ಸಿಗದಿದ್ದರೆ ಚಿತ್ರಗಳ ಅಡಿಬರಹಗಳನ್ನು ಬಳಸಿಕೊಳ್ಳಿ. ಕಲ್ಲಿನ ರಥದ ಚಿತ್ರವನ್ನು ಹಾಕಿ ಕೆಳಗೆ ಹೆಸರು ಬರೆದರೆ ನಕ್ಷೆಯವರ ಓದುಗರಿಗೂ ಅದು ಸಿಕ್ಕಂತಾಗುತ್ತದೆ. ಬಾದಾಮಿಯ ಭಾಗವನ್ನು ತಿದ್ದಿದ ಮೇಲೆ ಇಲ್ಲಿ ಹಾಕಿರಿ. ಸದ್ದು ಕೇಳಿದ ಜಾಗ ಯಾವುದೆಂದು ಬಾದಾಮಿಯವರು ಕೇಳಿದ ಪ್ರಶ್ನೆಗೆ ನೀವು ಇನ್ನೂ ಉತ್ತರಿಸಿಲ್ಲ.